ನೀಲಿ ಮೂತ್ರದ ದೊರೆಗೆ ನಿಜವಾಗಿ ಏನಾಗಿತ್ತು?

1788ರ ಅಕ್ಟೋಬರ್‌ನಲ್ಲಿ ಬ್ರಿಟನ್ನಿನ ದೊರೆ ಮೂರನೇ ಜಾರ್ಜ್‌ಗೆ ಹೊಟ್ಟೆನೋವು ಬಂತು. ಆಸ್ಥಾನ ವೈದ್ಯ ಸರ್ ಜಾರ್ಜ್ ಬೇಕರ್ ಬಂದು ಔಷಧ ಕೊಟ್ಟ. ನೋವು ಇಳಿಯಿತು, ಮಾತು ಏರಿತು. ನವೆಂಬರ್ ಹೊತ್ತಿಗೆ ದೊರೆಗೆ ನಿದ್ದೆಯೇ ಇಲ್ಲ. ಗಂಟಲು ಕಟ್ಟುವವರೆಗೂ ಮಾತು. ಒಮ್ಮೆಯಂತೂ ಹತ್ತೊಂಬತ್ತು ಗಂಟೆ ಬಿಡುವಿಲ್ಲದೆ ಮಾತಾಡಿದನೆಂದು ಬಳಿಯಿದ್ದವರು ಬರೆದಿಟ್ಟಿದ್ದಾರೆ. ಡಿಸೆಂಬರ್‌ನಲ್ಲಿ ಹುಚ್ಚು ಬಿಡಿಸುವುದಕ್ಕೆ ಹೆಸರಾಗಿದ್ದ ಫ್ರಾನ್ಸಿಸ್ ವಿಲ್ಲಿಸ್‌ನನ್ನು ಕ್ಯೂ ಅರಮನೆಗೆ ಕರೆಸಿದರು. ಆತ ದೊರೆಗೇ ಕೈ ಕಟ್ಟುವ ಅಂಗಿ ತೊಡಿಸಿದ. ಫೆಬ್ರುವರಿಯಲ್ಲಿ ಜಾರ್ಜ್ ಚೇತರಿಸಿಕೊಂಡ. ಆದರೆ ಕಾಯಿಲೆ 1801ರಲ್ಲಿ, 1804ರಲ್ಲಿ ಮರಳಿತು. 1810ರ ಕೊನೆಗೆ ಬಂದದ್ದು 1820ರಲ್ಲಿ ಆತ ಸಾಯುವವರೆಗೂ ಬಿಡಲಿಲ್ಲ.

ಶ್ರೀರಂಗಪಟ್ಟಣದಲ್ಲಿ ಟಿಪ್ಪು ಸುಲ್ತಾನ್ ಮಡಿದಾಗ ಲಂಡನ್ನಿನ ಸಿಂಹಾಸನದಲ್ಲಿ ಕುಳಿತಿದ್ದವನು ಇದೇ ಜಾರ್ಜ್. ಅವನಿಗೆ ಏನು ಕಾಯಿಲೆಯಿತ್ತು ಎಂಬ ಪ್ರಶ್ನೆಗೆ ವೈದ್ಯರೂ ಇತಿಹಾಸಕಾರರೂ ಸಾವಿನ ನಂತರವೂ ಉತ್ತರ ಹುಡುಕುತ್ತಲೇ ಬಂದಿದ್ದಾರೆ. ರೋಗಿ ಇಲ್ಲ, ರಕ್ತಪರೀಕ್ಷೆ ಇಲ್ಲ. ಉಳಿದಿರುವುದು ಹೆಚ್ಚಾಗಿ ಕಾಗದ: ವೈದ್ಯರ ಟಿಪ್ಪಣಿಗಳು, ಪರಿಚಾರಕರ ದಿನಚರಿಗಳು, ದೊರೆಯ ಪತ್ರಗಳು.

1966ರ ಜನವರಿಯಲ್ಲಿ ಈ ಕಾಗದಗಳಿಂದಲೇ ಒಂದು ಉತ್ತರ ಹೊರಬಿತ್ತು. ಮನೋವೈದ್ಯರಾದ ಐಡಾ ಮೆಕಾಲ್ಪಿನ್ ಮತ್ತು ಅವರ ಮಗ ರಿಚರ್ಡ್ ಹಂಟರ್ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ, ದೊರೆಗೆ ಇದ್ದದ್ದು ಹುಚ್ಚಲ್ಲ, ಪೋರ್ಫೈರಿಯಾ ಎಂಬ ವಂಶಪಾರಂಪರ್ಯ ದೇಹರೋಗ ಎಂದು ಬರೆದರು. ರಕ್ತಕ್ಕೆ ಕೆಂಪು ಬಣ್ಣ ಕೊಡುವ ಹೀಮ್ ಎಂಬ ವಸ್ತುವನ್ನು ನಮ್ಮ ದೇಹ ಹಲವು ಹಂತಗಳಲ್ಲಿ ತಯಾರಿಸುತ್ತದೆ. ಒಂದು ಹಂತದಲ್ಲಿ ಕೆಲಸ ಕುಂಟಿದರೆ ಅರೆಬರೆ ತಯಾರಾದ ರಾಸಾಯನಿಕಗಳು ಶೇಖರವಾಗುತ್ತವೆ. ಆಗ ತೀವ್ರ ಹೊಟ್ಟೆನೋವು, ಕೈಕಾಲುಗಳಲ್ಲಿ ನಿಶ್ಶಕ್ತಿ, ವೇಗದ ನಾಡಿ, ನಿದ್ದೆಗೇಡು, ಕೆಲವೊಮ್ಮೆ ಬುದ್ಧಿಭ್ರಮೆ. ಮೂತ್ರವನ್ನು ಹಾಗೆಯೇ ಇಟ್ಟರೆ ಅದು ಕೆಂಪಗೆ, ಕಪ್ಪಗೆ ತಿರುಗಬಹುದು. ಜಾರ್ಜ್‌ನ ವೈದ್ಯರ ಟಿಪ್ಪಣಿಗಳಲ್ಲಿ ಇವೆಲ್ಲವೂ ಸಿಗುತ್ತವೆ ಎಂಬುದು ತಾಯಿ-ಮಗನ ವಾದ. ಬಣ್ಣಗೆಟ್ಟ ಮೂತ್ರವೇ ಅವರ ದೊಡ್ಡ ಸಾಕ್ಷಿ.

ಜನ ಅದನ್ನು ಒಪ್ಪಿದರು. ಅಲನ್ ಬೆನೆಟ್ ಬರೆದ ನಾಟಕ, ಆಮೇಲೆ 1994ರ ಸಿನಿಮಾ, ನೀಲಿ ಮೂತ್ರದ ಕಥೆಯನ್ನು ಮನೆಮಾತಾಗಿಸಿದವು. 2005ರಲ್ಲಿ ವಿಜ್ಞಾನಿಗಳು ದೊರೆಯ ತಲೆಗೂದಲನ್ನು ಪರೀಕ್ಷಿಸಿದಾಗ ಆರ್ಸೆನಿಕ್ ವಿಪರೀತವಾಗಿ ಕಂಡಿತು. ಅದು ಎಲ್ಲಿಂದ ಬಂತು? ಉತ್ತರಕ್ಕೆ ಮತ್ತೆ ವೈದ್ಯರ ಕಾಗದಗಳನ್ನೇ ತೆಗೆಯಬೇಕಾಯಿತು. ದೊರೆಗೆ ಪದೇ ಪದೇ ಆಂಟಿಮನಿ ಬೆರೆತ ವಾಂತಿ ಮಾಡಿಸುವ ಔಷಧ ಕೊಟ್ಟಿದ್ದರು. ಆಂಟಿಮನಿಯ ಅದಿರಿನಲ್ಲಿ ಆರ್ಸೆನಿಕ್ ಸೇರಿಕೊಂಡಿರುವುದುಂಟು. ಹುಟ್ಟಿನಿಂದ ಬಂದ ಪೋರ್ಫೈರಿಯಾವನ್ನು ಈ ವಿಷ ಕೆರಳಿಸಿರಬಹುದು ಎಂದು ಅವರು ಊಹಿಸಿದರು. ಕೂದಲು ತೋರಿಸಿದ್ದು ಆರ್ಸೆನಿಕ್ ಅನ್ನು ಮಾತ್ರ. ಪೋರ್ಫೈರಿಯಾ ಇತ್ತೆಂಬ ಮಾತು ಆಗಲೂ 1966ರ ಓದಿನ ಮೇಲೆಯೇ ನಿಂತಿತ್ತು.

ಆ ಓದನ್ನೇ 2010ರಲ್ಲಿ ಟಿಮೊಥಿ ಪೀಟರ್ಸ್ ಎಂಬ ವೈದ್ಯ ಮತ್ತು ಅವರ ಸಹೋದ್ಯೋಗಿ ಪ್ರಶ್ನಿಸಿದರು. ಅವರು ಮಾಡಿದ್ದು ಸರಳವಾದ, ಆದರೆ ತಾಳ್ಮೆ ಬೇಡುವ ಕೆಲಸ: ಆಯ್ದ ಸಾಲುಗಳನ್ನು ಪಕ್ಕಕ್ಕಿಟ್ಟು ಮೂಲ ಕಡತಗಳನ್ನೇ ಓದುವುದು. ಆಗ ಚಿತ್ರ ಬದಲಾಯಿತು. ಮೂತ್ರದ ಬಣ್ಣ ಕೆಟ್ಟಿತ್ತು ಎಂಬ ಉಲ್ಲೇಖಗಳು ಕೆಲವೇ ಕೆಲವು. ಬಣ್ಣ ಸಹಜವಾಗಿದೆ ಎಂದು ವೈದ್ಯರು ಬರೆದ ದಿನಗಳೂ ಇದ್ದವು. ಅವು ಹಳೆಯ ಲೇಖನದಲ್ಲಿ ಕಾಣಿಸಿಕೊಂಡಿರಲಿಲ್ಲ. ಕಾಮಾಲೆ ಬಂದಾಗಲೂ ಮೂತ್ರ ಕಪ್ಪಾಗುತ್ತದೆ. ನೀಲಿಯಂತೂ ಪೋರ್ಫೈರಿಯಾದ ಸಹಜ ಬಣ್ಣವೇ ಅಲ್ಲ. ಆ ದಿನಗಳಲ್ಲಿ ದೊರೆಗೆ ಕೊಡುತ್ತಿದ್ದ ಜೆಂಟಿಯನ್ ಎಂಬ ಗಿಡದ ಔಷಧವೇ ಅದಕ್ಕೆ ಕಾರಣವಾಗಿರಬಹುದು ಎಂಬುದು ಪೀಟರ್ಸ್ ಅವರ ವಿವರಣೆ. ಕೈಕಾಲಿನ ನಿಶ್ಶಕ್ತಿ ಎಂದುಕೊಂಡದ್ದೂ ಸಂಧಿವಾತದ ನೋವಿನ ಹತ್ತಿರಕ್ಕೆ ಬಂತು.

ಹಳೆಯ ರೋಗಿಯ ಕಡತ ಓದುವವರು ಇಲ್ಲೇ ಎಡವುವುದು. ಕಾಯಿಲೆಯ ಹೆಸರು ಮೊದಲೇ ಮನಸ್ಸಿನಲ್ಲಿದ್ದರೆ ಅದಕ್ಕೆ ಒಪ್ಪುವ ಸಾಲುಗಳಷ್ಟೇ ಕಣ್ಣಿಗೆ ಬೀಳುತ್ತವೆ. ಅದನ್ನು ತಪ್ಪಿಸಲು ದಿನಾಂಕವಾರು ಪಟ್ಟಿ ಬೇಕು. ಯಾವ ದಿನ ಯಾವ ಲಕ್ಷಣ, ಅದನ್ನು ಕಂಡವರು ಯಾರು, ಅದಕ್ಕೆ ಮುಂಚೆ ಕೊಟ್ಟ ಔಷಧ ಯಾವುದು ಎಂದು ಒಂದೊಂದಾಗಿ ಬರೆದುಕೊಳ್ಳಬೇಕು. ಲಕ್ಷಣ ಕಾಣದಿದ್ದ ದಿನಗಳೂ ಆ ಪಟ್ಟಿಯಲ್ಲಿರಬೇಕು. ಔಷಧದ ಅಂಕಣ ಬಿಟ್ಟರೆ ಮದ್ದಿನಿಂದಾದದ್ದನ್ನೂ ರೋಗದ ಲೆಕ್ಕಕ್ಕೆ ಬರೆದುಬಿಡುವ ಅಪಾಯವಿದೆ. ಜಾರ್ಜ್‌ನ ಕಾಲಿನ ಮೇಲೆ ಬೊಬ್ಬೆ ಏಳಿಸುವ ಲೇಪ ಹಚ್ಚುತ್ತಿದ್ದರು. ನಡೆಯಲಾರದ ದಿನಗಳನ್ನು ತೂಗುವಾಗ ಆ ಹುಣ್ಣುಗಳನ್ನು ಮರೆಯುವಂತಿಲ್ಲ.

ಬರೆದವನ ಹಿತಾಸಕ್ತಿಯನ್ನೂ ತೂಗಬೇಕು. 1788ರಲ್ಲಿ ದೊರೆ ಗುಣವಾಗದಿದ್ದರೆ ಯುವರಾಜ ರಾಜಪ್ರತಿನಿಧಿಯಾಗುತ್ತಿದ್ದ, ಪ್ರಧಾನಿ ಪಿಟ್ ಅಧಿಕಾರ ಕಳೆದುಕೊಳ್ಳುತ್ತಿದ್ದ, ವಿರೋಧಿ ಫಾಕ್ಸ್‌ನ ಗುಂಪು ಗದ್ದುಗೆ ಹಿಡಿಯುತ್ತಿತ್ತು. ಫಾಕ್ಸ್‌ನ ಕಡೆಗೆ ಹತ್ತಿರವಾಗಿದ್ದ ವೈದ್ಯ ರಿಚರ್ಡ್ ವಾರೆನ್ ಆಸೆಯೇ ಇಲ್ಲವೆಂಬಂತೆ ಹೇಳುತ್ತಿದ್ದ. ವಿಲ್ಲಿಸ್ ಖಂಡಿತ ಗುಣವಾಗುತ್ತದೆ ಎನ್ನುತ್ತಿದ್ದ. ಇಬ್ಬರೂ ನೋಡುತ್ತಿದ್ದದ್ದು ಒಬ್ಬನೇ ರೋಗಿಯನ್ನು. ಸಾರ್ವಜನಿಕರಿಗೆಂದು ಹೊರಬೀಳುತ್ತಿದ್ದ ಆರೋಗ್ಯ ಪ್ರಕಟಣೆಗಳ ಒಂದೊಂದು ಪದಕ್ಕೂ ಜಗಳವಾಗುತ್ತಿತ್ತು. ಹಾಗಾಗಿ ಪ್ರಕಟಣೆಗಿಂತ ಯಾರಿಗೂ ತೋರಿಸಲೆಂದು ಬರೆಯದ ಖಾಸಗಿ ಟಿಪ್ಪಣಿಗೆ ಬೆಲೆ ಹೆಚ್ಚು. ರಾಜಕೀಯದ ಗೋಜಿಲ್ಲದೆ ದೊರೆಯ ಬಳಿ ಕೂತು ಕಂಡದ್ದನ್ನು ಬರೆದ ಆಸ್ಥಾನದ ಅಧಿಕಾರಿ ರಾಬರ್ಟ್ ಗ್ರೆವಿಲ್‌ನ ದಿನಚರಿ ಇಲ್ಲಿ ನೆರವಿಗೆ ಬರುತ್ತದೆ.

ಇನ್ನು ದೊರೆಯ ಪತ್ರಗಳು. ಜಾರ್ಜ್‌ಗೆ ಒಂದು ಅಭ್ಯಾಸವಿತ್ತು: ಪತ್ರದ ಮೇಲೆ ತಾರೀಕಿನ ಜೊತೆಗೆ ಗಂಟೆ, ನಿಮಿಷವನ್ನೂ ಬರೆಯುತ್ತಿದ್ದ. ಬಹುಕಾಲ ಕಾರ್ಯದರ್ಶಿ ಇಲ್ಲದೆ ಸ್ವಂತ ಕೈಯಿಂದಲೇ ಬರೆದ. ಹಾಗಾಗಿ ಯಾವ ಗಳಿಗೆಯಲ್ಲಿ ಮನಸ್ಸು ಹೇಗಿತ್ತು ಎನ್ನುವುದಕ್ಕೆ ಇವು ನೇರ ಸಾಕ್ಷಿ. ಕಾಯಿಲೆಯ ಕಾಲದ ವಾಕ್ಯಗಳು ಮಿತಿಮೀರಿ ಉದ್ದವಾಗುತ್ತಿದ್ದವು, ಕೆಲವು ನಾನೂರು ಪದಗಳಷ್ಟು. 2017ರಲ್ಲಿ ಪೀಟರ್ ಗ್ಯಾರರ್ಡ್ ಅವರ ತಂಡ ಪತ್ರಗಳನ್ನು ಕಂಪ್ಯೂಟರಿನಲ್ಲಿ ಹೋಲಿಸಿತು. ಕಾಯಿಲೆಯ ದಿನಗಳ ಪತ್ರಗಳನ್ನು ಆರೋಗ್ಯದ ದಿನಗಳವುಗಳಿಂದ ಯಂತ್ರ ಬೇರ್ಪಡಿಸಿತು. ಭಾಷೆ ಬದಲಾದದ್ದು ಯುದ್ಧದ ಚಿಂತೆಯಿಂದಲೋ ಋತುವಿನಿಂದಲೋ ಎಂಬ ಅನುಮಾನ ಉಳಿಯಬಾರದಲ್ಲ? ಅದಕ್ಕಾಗಿ ಯುದ್ಧ ಮತ್ತು ಶಾಂತಿಯ ಕಾಲದ ಪತ್ರಗಳನ್ನೂ ಬೇರೆ ಬೇರೆ ಋತುಗಳ ಪತ್ರಗಳನ್ನೂ ಹೋಲಿಸಿ ನೋಡಿದರು. ಅಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ. ಹೊರಬಿದ್ದ ಚಿತ್ರ ಉನ್ಮಾದಕ್ಕೆ, ಅಂದರೆ ಇಂದು ಬೈಪೋಲಾರ್ ಎನ್ನುವ ಮನೋರೋಗದ ಏರು ಹಂತಕ್ಕೆ ಹೊಂದುತ್ತಿತ್ತು.

ಈ ದಾರಿಗೂ ಒಂದು ಗಡಿಯಿದೆ. ಕಣ್ಣು ಮಂಜಾದ ಮೇಲೆ, 1805ರಿಂದ, ಹರ್ಬರ್ಟ್ ಟೇಲರ್ ಎಂಬಾತ ದೊರೆಯ ಕಾರ್ಯದರ್ಶಿಯಾಗಿ ಪತ್ರಗಳನ್ನು ಬರೆದುಕೊಡತೊಡಗಿದ. ಅಲ್ಲಿಂದಾಚೆಗೆ ವಾಕ್ಯಗಳ ಉದ್ದದಿಂದ ರೋಗ ಅಳೆಯಹೊರಟರೆ ದೊರೆಯ ಜೊತೆಗೆ ಟೇಲರ್‌ನನ್ನೂ ಅಳೆದಂತಾಗುತ್ತದೆ.

ಈಗ ಈ ಕಡತಗಳನ್ನು ಓದಿದವರಲ್ಲಿ ಹಲವರು 1788, 1801 ಮತ್ತು 1804ರ ಸರದಿಗಳನ್ನು ಬೈಪೋಲಾರ್ ಉನ್ಮಾದವೆಂದೂ, ಕುರುಡನಾಗಿ ಕಿವಿಯೂ ಮಂದವಾಗಿ ವಿಂಡ್ಸರ್‌ನಲ್ಲಿ ಕಳೆದ ಕೊನೆಯ ವರ್ಷಗಳಲ್ಲಿ ಮರೆಗುಳಿತನವೂ ಸೇರಿಕೊಂಡಿತ್ತೆಂದೂ ಓದುತ್ತಾರೆ. 1765ರ ಕಾಯಿಲೆ ಬೇರೆ ಮಾತು. ಆಗಿನ ದಾಖಲೆಗಳಲ್ಲಿ ಕಾಣುವುದು ಜ್ವರ, ಕೆಮ್ಮು, ಎದೆನೋವು. ಅದೂ ಹುಚ್ಚಿನ ಮೊದಲ ಸರದಿಯೇ ಎಂಬ ಮಾತು ಹುಟ್ಟಿದ್ದು ಬಹಳ ತಡವಾಗಿ, ಆ ಹೊತ್ತಿಗೆ 1788ರ ಕಥೆ ಎಲ್ಲರಿಗೂ ಗೊತ್ತಿತ್ತು.