ಒಬ್ಬರಿಗೆ ನಾಲ್ಕೇ ಟಿಕೆಟ್, ಸರಿ. ಆ ಒಬ್ಬರು ಯಾರು?

2024ರ ಸೆಪ್ಟೆಂಬರ್ 22, ಭಾನುವಾರ. ಮಧ್ಯಾಹ್ನ 12ಕ್ಕೆ ಕೋಲ್ಡ್‌ಪ್ಲೇ ತಂಡದ ಮುಂಬೈ ಸಂಗೀತ ಕಾರ್ಯಕ್ರಮದ ಟಿಕೆಟ್ ಮಾರಾಟ ಶುರುವಾಗಬೇಕಿತ್ತು. ಹನ್ನೆರಡು ಹೊಡೆಯುವ ಮೊದಲೇ ಬುಕ್‌ಮೈಶೋ ಆ್ಯಪ್ ಉಸಿರುಗಟ್ಟಿ ನಿಂತಿತು. ಅದು ಮತ್ತೆ ಜೀವ ಪಡೆದಾಗ ಪರದೆ ಮೇಲೆ ಕಂಡದ್ದು ಸರತಿಯ ಸಂಖ್ಯೆ. ಎಷ್ಟೋ ಜನರ ಮುಂದೆ ಲಕ್ಷಗಟ್ಟಲೆ ಮಂದಿ ನಿಂತಿದ್ದರು. ಅಂದು ಟಿಕೆಟ್‌ಗಾಗಿ ಬಂದವರು 1.3 ಕೋಟಿ ಎಂದು ಕಂಪನಿ ನಂತರ ಹೇಳಿತು. ನವಿ ಮುಂಬೈಯ ಡಿ.ವೈ. ಪಾಟೀಲ್ ಕ್ರೀಡಾಂಗಣ ಒಂದು ಸಂಜೆಗೆ ಹಿಡಿಸುವುದು ಸುಮಾರು ಅರ್ಧ ಲಕ್ಷ ಜನರನ್ನು. ಮೂರನೇ ದಿನದ ಪ್ರದರ್ಶನ ಸೇರಿಸಿದ ಮೇಲೂ ಎಂಬತ್ತಕ್ಕೂ ಹೆಚ್ಚು ಮಂದಿಗೆ ಒಂದೇ ಸೀಟು ಎಂಬ ಲೆಕ್ಕ.

ಒಬ್ಬರಿಗೆ ನಾಲ್ಕೇ ಟಿಕೆಟ್ ಎಂಬ ಮಿತಿ ಇತ್ತು. ಟಿಕೆಟ್‌ನ ಅಸಲು ಬೆಲೆ 2,500 ರೂಪಾಯಿಯಿಂದ 35,000 ರೂಪಾಯಿವರೆಗೆ. ಆದರೂ ಮರುಮಾರಾಟದ ಜಾಲತಾಣಗಳಲ್ಲಿ ಅದೇ ಟಿಕೆಟ್‌ಗಳಿಗೆ ಲಕ್ಷಗಳ ಬೆಲೆ ಕಟ್ಟಲಾಗಿತ್ತು. ಹಿಂದೆ ಮೆಜೆಸ್ಟಿಕ್‌ನ ಚಿತ್ರಮಂದಿರದ ಮುಂದೆ ಪಿಸುಮಾತಿನಲ್ಲಿ ಬ್ಲಾಕ್ ಟಿಕೆಟ್ ಮಾರುತ್ತಿದ್ದವನನ್ನು ಪೊಲೀಸರು ಕಾಲರ್ ಹಿಡಿದು ಎಳೆಯಬಹುದಿತ್ತು. ಈಗಿನ ದಲ್ಲಾಳಿಗೆ ಕಾಲರೇ ಇಲ್ಲ.

ನಾಲ್ಕೇ ಟಿಕೆಟ್ ಎಂದು ನಿಯಮ ಬರೆಯಲು ಒಂದು ನಿಮಿಷ ಸಾಕು. ‘ಒಬ್ಬರು’ ಎಂದರೆ ಯಾರು ಎಂದು ಗಣಕಕ್ಕೆ ಹೇಳಿಕೊಡುವುದೇ ಕಷ್ಟ. ಟಿಕೆಟ್ ಮಾರುವ ವ್ಯವಸ್ಥೆಗೆ ಮನುಷ್ಯ ಕಾಣುವುದಿಲ್ಲ. ಅದಕ್ಕೆ ಕಾಣುವುದು ಮೊಬೈಲ್ ಸಂಖ್ಯೆ, ಇಮೇಲ್, ಕಾರ್ಡ್ ಮತ್ತು ಫೋನು. ನಮ್ಮಲ್ಲಿ ಹೆಚ್ಚಾಗಿ ಮೊಬೈಲ್ ಸಂಖ್ಯೆಗೆ ಬರುವ ಓಟಿಪಿಯೇ ಗುರುತು. ಆದರೆ ಭಾರತದಲ್ಲಿ ಹೆಚ್ಚಿನ ಕಡೆ ಒಬ್ಬ ವ್ಯಕ್ತಿ ತನ್ನ ಹೆಸರಲ್ಲಿ ಒಂಬತ್ತು ಸಿಮ್ ಇಟ್ಟುಕೊಳ್ಳಬಹುದು. ಒಂಬತ್ತು ನಾಲ್ಕಲೆ ಮೂವತ್ತಾರು. ಯಾವ ಕಳ್ಳತನವನ್ನೂ ಮಾಡದೆಯೇ ‘ನಾಲ್ಕು’ ಮೂವತ್ತಾರಾಯಿತು! ನೆಂಟರಿಷ್ಟರ ಸಂಖ್ಯೆಗಳನ್ನೂ ಬಾಡಿಗೆಗೆ ತಂದ ಸಿಮ್‌ಗಳನ್ನೂ ಸೇರಿಸಿದರೆ ಎಲ್ಲಿಗೆ ಹೋಗುತ್ತದೋ ಊಹಿಸಿಕೊಳ್ಳಿ. ಇಮೇಲ್ ಅಂತೂ ಇನ್ನೂ ಸಡಿಲ. ಹೆಸರಿನ ನಡುವೆ ಚುಕ್ಕಿ ಇಟ್ಟರೂ ತೆಗೆದರೂ ಜಿಮೇಲ್‌ಗೆ ಅದು ಒಂದೇ ಪೆಟ್ಟಿಗೆ. ಅದನ್ನು ಅರಿಯದ ಮಾರಾಟ ವ್ಯವಸ್ಥೆ ಮಾತ್ರ ಅವನ್ನು ಬೇರೆ ಬೇರೆ ಗಿರಾಕಿಗಳೆಂದು ಎಣಿಸಿಕೊಳ್ಳುತ್ತದೆ.

ಈ ಆಟ ಹೊಸದಲ್ಲ. ಅಮೆರಿಕದಲ್ಲಿ ವೈಸ್‌ಗೈ ಟಿಕೆಟ್ಸ್ ಎಂಬ ಸಂಸ್ಥೆಯವರ ಮೇಲೆ 2010ರಲ್ಲಿ ದೋಷಾರೋಪ ಹೊರಿಸಲಾಯಿತು. ಅವರು ಬಲ್ಗೇರಿಯದ ಪ್ರೋಗ್ರಾಮರ್‌ಗಳಿಂದ ತಾನಾಗಿ ಟಿಕೆಟ್ ಕೊಳ್ಳುವ ತಂತ್ರಾಂಶ, ಅಂದರೆ ಬಾಟ್, ಬರೆಸಿದ್ದರು. ‘ನೀವು ಮನುಷ್ಯರೇ?’ ಎಂದು ಕೇಳುವ ಸೊಟ್ಟಪಟ್ಟ ಅಕ್ಷರಗಳ ಪರೀಕ್ಷೆಯನ್ನು ಅದು ಕ್ಷಣದಲ್ಲಿ ಪಾಸು ಮಾಡುತ್ತಿತ್ತು. ಇನ್ನೂ ಮಜಾ ಎಂದರೆ, ಮನುಷ್ಯರಂತೆ ಕಾಣಲೆಂದು ಆಗಾಗ ಬೇಕೆಂದೇ ತಪ್ಪು ಟೈಪಿಸುತ್ತಿತ್ತು. ಹೀಗೆ ಅವರು ಕೊಂಡದ್ದು ಹತ್ತು ಲಕ್ಷಕ್ಕೂ ಹೆಚ್ಚು ಟಿಕೆಟ್. ಇಂಥ ಬಾಟ್‌ಗಳ ವಿರುದ್ಧ ಅಮೆರಿಕ 2016ರಲ್ಲಿ ಪ್ರತ್ಯೇಕ ಕಾಯ್ದೆಯನ್ನೇ ತಂದಿತು. ಅದರಡಿ ಮೊದಲ ಪ್ರಕರಣ ಹೊರಬಂದದ್ದು 2021ರ ಜನವರಿಯಲ್ಲಿ. ನ್ಯೂಯಾರ್ಕ್ ಕಡೆಯ ಮೂರು ದಲ್ಲಾಳಿ ಸಂಸ್ಥೆಗಳು ಮನೆಯವರ, ಗೆಳೆಯರ ಹಾಗೂ ಇಲ್ಲದವರ ಹೆಸರಲ್ಲಿ ನೂರಾರು ಖಾತೆ ತೆರೆದು, ನೂರಾರು ಕ್ರೆಡಿಟ್ ಕಾರ್ಡ್ ಬಳಸಿ ಒಂದೂವರೆ ಲಕ್ಷಕ್ಕೂ ಹೆಚ್ಚು ಟಿಕೆಟ್ ಎತ್ತಿದ್ದವು.

ಹಾಗಾದರೆ ಹಿಡಿಯುವುದು ಹೇಗೆ? ಮಾರಾಟ ನಡೆಯುತ್ತಿರುವ ಹೊತ್ತಿನಲ್ಲಿ ಹಿಡಿಯುವುದಕ್ಕಿಂತ ಗದ್ದಲ ಅಡಗಿದ ಮೇಲೆ ಹಿಡಿಯುವುದು ಸುಲಭ. ಆ ರಾತ್ರಿ ಆರ್ಡರುಗಳ ಪಟ್ಟಿಯನ್ನು ಹರಡಿಕೊಂಡು ಕುಳಿತವರ ಮುಂದೆ ಇಪ್ಪತ್ತೈದು ಹೆಸರುಗಳಿವೆ ಎನ್ನೋಣ. ಪ್ರತಿಯೊಬ್ಬರದೂ ನಾಲ್ಕೇ ಟಿಕೆಟ್, ಯಾರೂ ಮಿತಿ ಮೀರಿಲ್ಲ. ಪಟ್ಟಿಯನ್ನು ಹೆಸರಿನ ಬದಲು ಕಾರ್ಡ್ ಪ್ರಕಾರ ಜೋಡಿಸಿದಾಗ ಇಪ್ಪತ್ತೈದು ಆರ್ಡರೂ ಮೂರು ಕಾರ್ಡ್‌ಗಳ ಕೆಳಗೆ ಬಂದು ನಿಲ್ಲುತ್ತವೆ. ಖಾತೆ ತೆರೆದ ದಿನ ನೋಡಿದರೆ ಎಲ್ಲವೂ ಹಿಂದಿನ ವಾರದವು. ಸೀಟು ತೋರಿಸಿದ ಕ್ಷಣದಿಂದ ಹಣ ಕಟ್ಟಿದ ಕ್ಷಣದವರೆಗಿನ ಸಮಯ ನೋಡಿದರೆ ಎಲ್ಲರದೂ ಹೆಚ್ಚುಕಡಿಮೆ ಒಂದೇ. ಮನುಷ್ಯರು ಹಾಗೆ ಕೊಳ್ಳುವುದಿಲ್ಲ. ಒಬ್ಬರು ಕನ್ನಡಕ ಹುಡುಕುತ್ತಾರೆ, ಇನ್ನೊಬ್ಬರು ‘ಆ ಸ್ಟ್ಯಾಂಡ್ ದೂರವಾಯಿತೇನೋ’ ಎಂದು ತಂಗಿಯನ್ನು ಕೇಳುತ್ತಾರೆ. ಇಂಥ ಗೊಂಚಲು ಸಿಕ್ಕರೆ ನೂರೂ ಟಿಕೆಟ್ ರದ್ದು ಮಾಡಿ, ಹಣ ಹಿಂದಿರುಗಿಸಿ, ಸೀಟುಗಳನ್ನು ಮತ್ತೆ ಮಾರಾಟಕ್ಕಿಡಬಹುದು.

ಇಲ್ಲೂ ಎಡವುವ ಜಾಗಗಳಿವೆ. ಒಂದೇ ಇಂಟರ್ನೆಟ್ ವಿಳಾಸದಿಂದ ನೂರು ಆರ್ಡರು ಬಂದರೆ ದಲ್ಲಾಳಿಯೇ ಎಂದು ತೀರ್ಮಾನಿಸುವಂತಿಲ್ಲ. ನಮ್ಮ ಮೊಬೈಲ್ ಕಂಪನಿಗಳು ಸಾವಿರಾರು ಗಿರಾಕಿಗಳನ್ನು ಒಂದೇ ವಿಳಾಸದ ಹಿಂದೆ ಕೂರಿಸಿರುತ್ತವೆ. ಒಂದು ಹಾಸ್ಟೆಲ್ಲಿನ ವೈಫೈ ಕೂಡ ಹೊರಗಿನಿಂದ ಒಬ್ಬ ವ್ಯಕ್ತಿಯಂತೆಯೇ ಕಾಣುತ್ತದೆ. ಅಪ್ಪನ ಕಾರ್ಡಿನಲ್ಲಿ ಮೂವರು ಮಕ್ಕಳು ಬೇರೆ ಬೇರೆಯಾಗಿ ಕೊಂಡರೆ? ಒಂದು ಗುರುತು ಹೊಂದಿದ ಮಾತ್ರಕ್ಕೆ ಕೈಹಾಕದೆ, ಮೂರು ನಾಲ್ಕು ಗುರುತುಗಳು ಒಟ್ಟಿಗೆ ಸಿಕ್ಕಾಗ ಮಾತ್ರ ರದ್ದು ಮಾಡುವುದು ನ್ಯಾಯ. ಅಂದಹಾಗೆ, ಆ ಭಾನುವಾರ ಮನೆಯ ಮೂರು ಫೋನುಗಳಲ್ಲೂ ಸರತಿ ಹಿಡಿದು ಕುಳಿತ ಅಭಿಮಾನಿಯೂ ದಲ್ಲಾಳಿಯ ಉಪಾಯವನ್ನೇ ಸಣ್ಣ ಪ್ರಮಾಣದಲ್ಲಿ ಮಾಡುತ್ತಿದ್ದ.

ಮರುಮಾರಾಟವನ್ನು ಬುಡದಲ್ಲೇ ಕತ್ತರಿಸಿದ ಉದಾಹರಣೆ ಇಂಗ್ಲೆಂಡಿನ ಗ್ಲಾಸ್ಟನ್‌ಬರಿ ಉತ್ಸವ. ಅಲ್ಲಿ ಟಿಕೆಟ್ ಮಾರಾಟಕ್ಕೆ ಮೊದಲೇ ಹೆಸರು, ಭಾವಚಿತ್ರ ಕೊಟ್ಟು ನೋಂದಾಯಿಸಿಕೊಂಡಿರಬೇಕು. ಟಿಕೆಟ್ ಮೇಲೆ ಆ ಮುಖವೇ ಅಚ್ಚಾಗಿರುತ್ತದೆ, ಅದನ್ನು ಇನ್ನೊಬ್ಬರಿಗೆ ದಾಟಿಸುವಂತಿಲ್ಲ. ಬರಲಾಗದವರು ಹಿಂದಿರುಗಿಸಿದರೆ ಸಂಘಟಕರೇ ಅದನ್ನು ಮತ್ತೆ ಮಾರುತ್ತಾರೆ. ಇದರ ಬೆಲೆ ತೆರಬೇಕಾದದ್ದು ಬಾಗಿಲಿನಲ್ಲಿ. ಅರ್ಧ ಲಕ್ಷ ಜನರ ಮುಖ ನೋಡಲು ತಲೆಗೆ ಹತ್ತೇ ಸೆಕೆಂಡ್ ಹೆಚ್ಚು ಹಿಡಿದರೂ, ಐವತ್ತು ಬಾಗಿಲುಗಳಿದ್ದಾಗಲೂ ಒಳಬಿಡಲು ಎರಡೂ ಮುಕ್ಕಾಲು ಗಂಟೆ ಹೆಚ್ಚಿಗೆ ಬೇಕು. ಹಲವು ದಿನದ ಉತ್ಸವಕ್ಕೆ ಇದು ಸರಿ, ಒಂದು ಸಂಜೆಯ ಕಾರ್ಯಕ್ರಮಕ್ಕೆ ಭಾರ. ಆದರೂ ದುಬಾರಿ ಸೀಟುಗಳಿಗಾದರೂ ಹೀಗೆ ಮಾಡಬಾರದೇಕೆ ಎಂಬ ಪ್ರಶ್ನೆ ಉಳಿಯುತ್ತದೆ, ಏಕೆಂದರೆ ದಲ್ಲಾಳಿಗೆ ಹೆಚ್ಚು ಗಿಟ್ಟುವುದು ಅಲ್ಲೇ.

ಮುಂಬೈ ಪ್ರಕರಣ ಬೆಂಗಳೂರನ್ನೂ ಮುಟ್ಟಿತು. 2024ರ ಅಕ್ಟೋಬರಿನಲ್ಲಿ ಜಾರಿ ನಿರ್ದೇಶನಾಲಯ ಕೋಲ್ಡ್‌ಪ್ಲೇ ಮತ್ತು ದಿಲ್ಜಿತ್ ದೋಸಾಂಜ್ ಕಾರ್ಯಕ್ರಮಗಳ ಟಿಕೆಟ್ ಅಕ್ರಮದ ಸಂಬಂಧ ದೆಹಲಿ, ಮುಂಬೈ, ಜೈಪುರ, ಚಂಡೀಗಢ ಮತ್ತು ಬೆಂಗಳೂರಿನಲ್ಲಿ ಶೋಧ ನಡೆಸಿತು. ವಶವಾದದ್ದು ಮೊಬೈಲು, ಲ್ಯಾಪ್‌ಟಾಪು ಮತ್ತು ಸಿಮ್ ಕಾರ್ಡುಗಳು. ಇನ್‌ಸ್ಟಾಗ್ರಾಮ್, ವಾಟ್ಸಾಪ್, ಟೆಲಿಗ್ರಾಮ್‌ಗಳಲ್ಲಿ ನಕಲಿ ಟಿಕೆಟ್ ಮಾರುತ್ತಿದ್ದವರೂ ಪತ್ತೆಯಾದರು. ಟಿಕೆಟ್ ಕಾಳಸಂತೆಗೆ ಕಡಿವಾಣ ಕೋರಿದ ಸಾರ್ವಜನಿಕ ಹಿತಾಸಕ್ತಿ ಅರ್ಜಿಯನ್ನು ಬಾಂಬೆ ಹೈಕೋರ್ಟ್ 2025ರ ಜನವರಿಯಲ್ಲಿ ವಜಾ ಮಾಡಿತು. ಕಾನೂನು ಮಾಡುವುದು ಶಾಸಕಾಂಗದ ಕೆಲಸ ಎಂದಿತು.

ಹೀಗಿರುವಾಗ ಮುಂದಿನ ಸಲ ಯಾರಾದರೂ ಟಿಕೆಟ್‌ನ ಸ್ಕ್ರೀನ್‌ಶಾಟ್ ಕಳಿಸಿ ಹಣ ಕೇಳಿದರೆ ಕೊಡಬೇಡಿ. ಅದೇ ಚಿತ್ರವನ್ನು ಹತ್ತು ಜನರಿಗೆ ಮಾರಬಹುದು. ಬಾಗಿಲಲ್ಲಿ ಮೊದಲು ಸ್ಕ್ಯಾನ್ ಮಾಡಿಸಿದವರು ಒಳಗೆ, ಉಳಿದ ಒಂಬತ್ತು ಮಂದಿ ಹೊರಗೆ.