ನೋಟಿಸ್ ಪೀರಿಯಡ್: 90 ದಿನವೋ, 44 ದಿನವೋ?

ಬೆಂಗಳೂರಿನ ಐಟಿ ಕಂಪನಿಗಳಲ್ಲಿ 90 ದಿನಗಳ ನೋಟಿಸ್ ಪೀರಿಯಡ್ ಮಾಮೂಲು. ಜುಲೈ 1ರಂದು ರಾಜೀನಾಮೆ ಕೊಟ್ಟವರೊಬ್ಬರ ಕೊನೆಯ ದಿನ ಸೆಪ್ಟೆಂಬರ್ 28 ಎಂದಿಟ್ಟುಕೊಳ್ಳಿ. ಆಗಸ್ಟ್ 15ರಂದು ಬೇರೆ ಕಂಪನಿಯ ಆನ್‌ಲೈನ್ ಅರ್ಜಿಯಲ್ಲಿ ಅವರು 90 ಎಂದೇ ತುಂಬಿದರೆ, ಬೇಗ ಸೇರುವವರನ್ನು ಹುಡುಕುವ ಎಚ್‌ಆರ್ ಕಣ್ಣಿಗೆ ಆ ಅರ್ಜಿ ಬೀಳದೇ ಹೋಗಬಹುದು. ನಿಜಕ್ಕೂ ಬಾಕಿಯಿರುವುದು 44 ದಿನ. ಕೊನೆಯ ದಿನಾಂಕಕ್ಕೆ ಕಾಲಂ ಇದ್ದರೆ ಅದನ್ನೂ ತುಂಬಬೇಕು. ರಾಜೀನಾಮೆಯನ್ನೇ ಕೊಡದವರು ಮಾತ್ರ 90 ಎಂದೇ ಬರೆಯಬೇಕು. ಬೈಔಟ್ ಆದೀತೆಂಬ ಆಸೆಯಲ್ಲಿ 30 ಎಂದು ಹಾಕಿದವರು, ಹಳೆಯ ಕಂಪನಿ ಬಿಡದಿದ್ದಾಗ ಪೇಚಿಗೆ ಸಿಲುಕುತ್ತಾರೆ.

ಕೆಲಸ ಬಿಡಲು ಕಾರಣ? ‘ಟೆಸ್ಟಿಂಗ್‌ನಿಂದ ಡೆವಲಪ್‌ಮೆಂಟ್‌ಗೆ ಹೋಗುವ ಉದ್ದೇಶ’ ಎಂಬಂಥ ಒಂದು ಸಾಲು ಸಾಕು. ಮ್ಯಾನೇಜರ್ ಮೇಲಿನ ಸಿಟ್ಟಿಗೆ ಅಲ್ಲಿ ಜಾಗವಿಲ್ಲ.

ರೆಫರೆನ್ಸ್ ಕಾಲಂನಲ್ಲಿ ಈಗಿನ ಬಾಸ್ ಹೆಸರು ಕೊಟ್ಟರೆ, ರಾಜೀನಾಮೆಗೆ ಮುಂಚೆಯೇ ಅವರಿಗೆ ಫೋನ್ ಹೋದೀತು. ಹಿಂದಿನ ಕಂಪನಿಯ ಟೀಮ್ ಲೀಡ್ ವಾಸಿ. ಮೊದಲು ಅವರ ಒಪ್ಪಿಗೆ ಕೇಳಿ, ಅವರು ಈಗ ಬಳಸುವ ಇಮೇಲನ್ನೇ ನಮೂದಿಸಬೇಕು.