ಮೂತಿ ಬೆಳ್ಳಗಾದ ಮಾತ್ರಕ್ಕೆ ಮುದಿ ನಾಯಿಯೇ? ಫೋಟೋ ನೋಡಿ ವಯಸ್ಸು ಹೇಳುವವರು ಎಡವುವುದೆಲ್ಲಿ

ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳ ಆವರಣದಲ್ಲಿರುವ ಬೀದಿ ನಾಯಿಗಳನ್ನು ಹಿಡಿದು, ಸಂತಾನಹರಣ ಚಿಕಿತ್ಸೆ ಮಾಡಿ, ಲಸಿಕೆ ಹಾಕಿ, ಆಶ್ರಯ ತಾಣಗಳಿಗೆ ಸಾಗಿಸಬೇಕು, ಅದೇ ಜಾಗಕ್ಕೆ ವಾಪಸ್ ಬಿಡಬಾರದು ಅಂತ 2025ರ ನವೆಂಬರ್ 7ರಂದು ಸುಪ್ರೀಂ ಕೋರ್ಟ್ ಆದೇಶಿಸಿತು. ನಾಯಿಗಳನ್ನು ಎಲ್ಲಿ ಇಡೋದು ಅನ್ನುವ ಚರ್ಚೆಯ ಪಕ್ಕದಲ್ಲೇ ಇನ್ನೊಂದು ಕೆಲಸವೂ ಇದೆ: ಸಾಧ್ಯವಾದಷ್ಟು ನಾಯಿಗಳಿಗೆ ಮನೆ ಹುಡುಕುವುದು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿಯಂಥ ಊರುಗಳಲ್ಲಿ ಈ ಕೆಲಸ ನಡೆಯುವುದು ವಾಟ್ಸಾಪ್‌ನಲ್ಲಿ ಓಡಾಡುವ ಒಂದು ಫೋಟೋದ ಮೇಲೆ. ಫೋಟೋ ನೋಡಿದವರು ಕೇಳುವ ಮೊದಲ ಪ್ರಶ್ನೆ, "ವಯಸ್ಸೆಷ್ಟು?" ಯಾರೋ ಒಬ್ಬರು "ಮುದಿ ನಾಯಿ ಬಿಡಣ್ಣ" ಅಂದರೆ ಅಲ್ಲಿಗೆ ಮುಗೀತು, ಆ ನಾಯಿಯನ್ನು ಇನ್ಯಾರೂ ಕೇಳುವುದಿಲ್ಲ.

ಹಾಗಾದರೆ ಒಂದು ಫೋಟೋದಿಂದ ವಯಸ್ಸನ್ನು ಎಷ್ಟರ ಮಟ್ಟಿಗೆ ಹೇಳಬಹುದು? ಒಂದು ಕಲ್ಪಿತ ಉದಾಹರಣೆ ಇಟ್ಟುಕೊಂಡು ನೋಡೋಣ. ಚನ್ನಪಟ್ಟಣದ ಬಸ್ ನಿಲ್ದಾಣದ ಹತ್ತಿರ ರಾತ್ರಿ ತೆಗೆದ ಫೋಟೋ. ಕಂದು ಬಣ್ಣದ ಹೆಣ್ಣು ನಾಯಿ, ಕಪ್ಪು ಮೂತಿಯ ತುದಿಯಲ್ಲಿ ಬಿಳಿ ಕೂದಲು. ಕಣ್ಣು ಮಂಜು ಕವಿದಂತೆ ಹೊಳೆಯುತ್ತಿದೆ. ಪಕ್ಕೆಲುಬು ಎಣಿಸಬಹುದು, ಹೊಟ್ಟೆಯ ಕೆಳಗೆ ಮೊಲೆ ಜೋತು ಬಿದ್ದಿದೆ. ನೋಡಿದ ಹತ್ತರಲ್ಲಿ ಎಂಟು ಜನ "ಹತ್ತು ವರ್ಷ ಆಗಿರಬೇಕು" ಅಂತಾರೆ.

ಮೊದಲು ಮೂತಿ ನೋಡೋಣ. ವಯಸ್ಸಾದಂತೆ ನಾಯಿಯ ಗಲ್ಲ, ತುಟಿಯಂಚು, ಆಮೇಲೆ ಕಣ್ಣಿನ ಸುತ್ತ ಕೂದಲು ಬೆಳ್ಳಗಾಗುವುದು ನಿಜ. ಆದರೆ ಅದು ಬೇಗ ಶುರುವಾಗುವುದೂ ಅಷ್ಟೇ ನಿಜ. 2016ರಲ್ಲಿ ಅಮೆರಿಕದ ಕ್ಯಾಮಿಲ್ ಕಿಂಗ್, ಟೆಂಪಲ್ ಗ್ರಾಂಡಿನ್ ಮತ್ತು ಸಂಗಡಿಗರು ಒಂದರಿಂದ ನಾಲ್ಕು ವರ್ಷದೊಳಗಿನ 400 ನಾಯಿಗಳ ಅಧ್ಯಯನ ಪ್ರಕಟಿಸಿದರು. ಅವರು ಫೋಟೋ ನೋಡಿಯೇ ಮೂತಿಗೆ ಸೊನ್ನೆಯಿಂದ ಮೂರರವರೆಗೆ ಅಂಕ ಕೊಟ್ಟರು. ಅಷ್ಟು ಚಿಕ್ಕ ವಯಸ್ಸಿನ ನಾಯಿಗಳಲ್ಲೂ ಬಿಳಿ ಮೂತಿ ಸಿಕ್ಕಿತು. ಹೆಚ್ಚು ಆತಂಕ, ಭಯ ಇದ್ದ ನಾಯಿಗಳಲ್ಲಿ ಬಿಳಿ ಹೆಚ್ಚಿತ್ತು, ಗಂಡಿಗಿಂತ ಹೆಣ್ಣು ನಾಯಿಗಳಲ್ಲಿ ಹೆಚ್ಚಿತ್ತು. ಮೈಬಣ್ಣವೇ ಬಿಳಿ ಇದ್ದ ನಾಯಿಗಳನ್ನು ಅಧ್ಯಯನದಿಂದ ಕೈಬಿಡಬೇಕಾಯಿತು, ಯಾಕಂದರೆ ಅವುಗಳಲ್ಲಿ ಈ ಗುರುತು ಕಾಣುವುದೇ ಇಲ್ಲ. ನಮ್ಮ ಬೀದಿಗಳಲ್ಲಿ ಇನ್ನೊಂದು ತೊಡಕಿದೆ. ಚಳಿಗೆ ಟೀ ಅಂಗಡಿಯ ಒಲೆ ಬೂದಿಯಲ್ಲಿ ಮಲಗಿ ಎದ್ದ ನಾಯಿಯ ಮೂತಿ ಫೋಟೋದಲ್ಲಿ ಬೆಳ್ಳಗೇ ಕಾಣುತ್ತದೆ. ಹುಟ್ಟಿನಿಂದ ಬಂದ ಬಿಳಿ ಮಚ್ಚೆಗೆ ಅಂಚು ಸ್ಪಷ್ಟವಾಗಿರುತ್ತದೆ. ವಯಸ್ಸಿನ ಬಿಳಿ ಹಾಗಲ್ಲ, ಕಪ್ಪು ಕೂದಲಿನ ನಡುವೆ ಉಪ್ಪು ಚೆಲ್ಲಿದಂತೆ ಚದುರಿಕೊಂಡಿರುತ್ತದೆ. ನಮ್ಮ ಉದಾಹರಣೆಯ ನಾಯಿಗೆ ತುದಿಯಲ್ಲಷ್ಟೇ ಬಿಳಿ ಇದೆ, ಕಣ್ಣಿನ ಸುತ್ತ ಇಲ್ಲ. ಇದು ಎರಡು ವರ್ಷಕ್ಕೂ ಹೊಂದುತ್ತದೆ, ಎಂಟಕ್ಕೂ ಹೊಂದುತ್ತದೆ.

ಕಣ್ಣು ಇದಕ್ಕಿಂತ ಒಳ್ಳೆಯ ಸಾಕ್ಷಿ, ಆದರೆ ಫೋಟೋ ಅದನ್ನು ಕೆಡಿಸುತ್ತದೆ. ಸುಮಾರು ಆರೇಳು ವರ್ಷದ ನಂತರ ನಾಯಿಯ ಕಣ್ಣಿನ ಮಸೂರದ ನಡುಭಾಗ ಗಟ್ಟಿಯಾಗುತ್ತಾ, ಪಾಪೆಯೊಳಗೆ ತೆಳು ನೀಲಿ-ಬೂದು ಮಂಜು ಕಾಣತೊಡಗುತ್ತದೆ. ಇದು ಸಾಮಾನ್ಯವಾಗಿ ಎರಡೂ ಕಣ್ಣಿಗೆ ಸಮನಾಗಿ ಬರುತ್ತದೆ, ದೃಷ್ಟಿಯೂ ಬಹುಪಾಲು ಉಳಿಯುತ್ತದೆ. ಪೊರೆ ಬಂದರೆ ಬೇರೆ, ಅದು ಹಾಲಿನಂತೆ ಬಿಳಿಯಾಗಿರುತ್ತದೆ ಮತ್ತು ಮಧುಮೇಹ, ಪೆಟ್ಟು, ಅನುವಂಶೀಯ ಕಾರಣಗಳಿಂದ ಎಳೆ ನಾಯಿಗೂ ಬರಬಹುದು. ಜಗಳದಲ್ಲಿ ಕಣ್ಣಿನ ಮೇಲ್ಪದರ ಗೀಚಿದರೆ ಅಥವಾ ಉಣ್ಣೆಯಿಂದ ಹರಡುವ ಜ್ವರ ಕಣ್ಣಿಗೆ ಇಳಿದರೆ ಕೂಡ ಕಣ್ಣು ಮಸುಕಾಗುತ್ತದೆ. ಮಸುಕು ಒಂದೇ ಕಣ್ಣಲ್ಲಿದ್ದರೆ ವಯಸ್ಸಿಗಿಂತ ಮೊದಲು ಗಾಯವನ್ನು ಅನುಮಾನಿಸಬೇಕು. ಇನ್ನು ರಾತ್ರಿ ಫ್ಲ್ಯಾಶ್ ಹಾಕಿದರೆ ಕಣ್ಣಿನ ಹಿಂಭಾಗದ ಕನ್ನಡಿಯಂಥ ಪದರ ಬೆಳಕನ್ನು ವಾಪಸ್ ಎಸೆಯುತ್ತದೆ. ಹಸಿರೋ ಹಳದಿಯೋ ಆದ ಆ ಹೊಳಪಿಗೂ ವಯಸ್ಸಿಗೂ ಸಂಬಂಧವಿಲ್ಲ. ನಮ್ಮ ಫೋಟೋ ರಾತ್ರಿಯದ್ದು, ಆದ್ದರಿಂದ ಕಣ್ಣಿನ ಸಾಕ್ಷ್ಯವನ್ನು ಪೂರ್ತಿ ಬದಿಗಿಡಬೇಕು. ಹಗಲಲ್ಲಿ, ನೆರಳಿನಲ್ಲಿ, ಫ್ಲ್ಯಾಶ್ ಇಲ್ಲದೆ ಇನ್ನೊಂದು ಫೋಟೋ ಕೇಳಬೇಕು.

ಮೂರನೆಯದು ಮೈಕಟ್ಟು. ಮುದಿ ನಾಯಿಯಲ್ಲಿ ಬೆನ್ನು, ತೊಡೆ ಮತ್ತು ಹಣೆಯ ಪಕ್ಕದ ಮಾಂಸಖಂಡ ಕರಗುತ್ತದೆ, ತಲೆಬುರುಡೆಯ ಮೂಳೆ ಎದ್ದು ಕಾಣುತ್ತದೆ, ಬೆನ್ನು ತಗ್ಗುತ್ತದೆ. ಆದರೆ ಹಸಿವು, ಜಂತುಹುಳ, ಕಜ್ಜಿ, ಮರಿಗಳಿಗೆ ಹಾಲೂಡಿಸುವಿಕೆ ಇವೆಲ್ಲ ಎರಡು ವರ್ಷದ ನಾಯಿಯನ್ನೂ ಹಾಗೇ ಮಾಡಬಲ್ಲವು. ತಳಿಯ ಗೊಂದಲವೂ ಇದೆ: ಮುಧೋಳ ನಾಯಿಯ ಸೊಂಟ ಸಣ್ಣಗಿರುವುದು ಅದರ ಸಹಜ ಮೈಕಟ್ಟು, ಸೊರಗಿದ್ದಲ್ಲ. ಜೋತು ಬಿದ್ದ ಮೊಲೆ ಹೇಳುವುದು ಇಷ್ಟೇ: ಈ ನಾಯಿ ಒಮ್ಮೆಯಾದರೂ ಈದಿದೆ. ಅಂದರೆ ಇದು ಮರಿಯಂತೂ ಅಲ್ಲ.

ಇಲ್ಲಿ ಬಹಳ ಜನ ಮರೆಯುವ ಒಂದು ಲೆಕ್ಕವಿದೆ. ಬೀದಿಯಲ್ಲಿ ಹತ್ತು ವರ್ಷದ ನಾಯಿಗಳು ಎಷ್ಟಿರುತ್ತವೆ? ಪಶ್ಚಿಮ ಬಂಗಾಳದಲ್ಲಿ 364 ಬೀದಿ ಮರಿಗಳನ್ನು ಹಿಂಬಾಲಿಸಿದ ಸಂಶೋಧಕರು 2016ರಲ್ಲಿ ಪ್ರಕಟಿಸಿದ ಪ್ರಕಾರ, ಸಂತಾನೋತ್ಪತ್ತಿಯ ವಯಸ್ಸಿನವರೆಗೆ ಬದುಕಿ ಉಳಿದದ್ದು ಶೇ. 19 ಮಾತ್ರ. ಬದುಕುಳಿದವುಗಳಿಗೂ ಮುಂದೆ ವಾಹನ, ರೋಗ, ಕಾದಾಟ ತಪ್ಪಿದ್ದಲ್ಲ. ಹಾಗಾಗಿ ಬೀದಿಯಲ್ಲಿ ಸೊರಗಿದ, ಬಿಳಿ ಮೂತಿಯ ನಾಯಿ ಕಂಡಾಗ ಅದು ಹತ್ತು ವರ್ಷದ ಅಪರೂಪದ ನಾಯಿ ಆಗಿರುವುದಕ್ಕಿಂತ, ಕಷ್ಟ ಉಂಡ ಮೂರ್ನಾಲ್ಕು ವರ್ಷದ ನಾಯಿ ಆಗಿರುವ ಸಾಧ್ಯತೆಯೇ ಜಾಸ್ತಿ.

ಫೋಟೋದಿಂದ ಖಚಿತವಾಗಿ ಹೇಳಬಹುದಾದ ವಯಸ್ಸು ಒಂದೇ, ಅದು ಮರಿಯದ್ದು, ಅದೂ ಬಾಯಿ ತೆರೆದ ಫೋಟೋ ಇದ್ದರೆ. ಸೂಜಿಯಂಥ ಹಾಲುಹಲ್ಲುಗಳು ಸುಮಾರು ನಾಲ್ಕನೇ ತಿಂಗಳಿಂದ ಬಿದ್ದು, ಆರೇಳು ತಿಂಗಳಿಗೆ 42 ಶಾಶ್ವತ ಹಲ್ಲು ಬಂದಿರುತ್ತವೆ. ಅಲ್ಲಿಂದಾಚೆ ಹಲ್ಲಿನ ಸವೆತವೂ ಅಂದಾಜೇ, ಯಾಕಂದರೆ ಮೂಳೆ, ಕಲ್ಲು ಕಡಿಯುವ ನಾಯಿಯ ಹಲ್ಲು ಬೇಗ ಸವೆಯುತ್ತದೆ.

ಉಳಿದ ದಾರಿ ಫೋಟೋದ ಹೊರಗಿದೆ. ಜನನ ಪ್ರಮಾಣಪತ್ರ ಇಲ್ಲದ ಅಜ್ಜಿಯರ ವಯಸ್ಸನ್ನು "ಆ ಬರಗಾಲದಲ್ಲಿ ಎಷ್ಟು ದೊಡ್ಡವಳಿದ್ದೆ?" ಅಂತ ಕೇಳಿ ತಿಳಿಯುತ್ತೇವಲ್ಲ, ಅದೇ ಕ್ರಮ. ಈ ಸೀಮೆಯಲ್ಲಿ ಎಲೆಕ್ಷನ್‌ಗಿಂತ ಚೆನ್ನಾಗಿ ನೆನಪಿರುವ ಗುರುತು ಯಾವುದಿದೆ? ಟೀ ಅಂಗಡಿಯವರನ್ನು ಕೇಳಿ: "ಅಣ್ಣಾ, ಬೈಎಲೆಕ್ಷನ್ ಟೈಮಲ್ಲಿ ಈ ನಾಯಿ ಇತ್ತಾ? ಎಂಪಿ ಎಲೆಕ್ಷನ್‌ನಲ್ಲಿ ಮರಿ ಹಾಕಿತ್ತಾ?" ನಮ್ಮ ಉದಾಹರಣೆಯಲ್ಲಿ ಅವರು, "2023ರ ಎಮ್ಮೆಲ್ಲೆ ಎಲೆಕ್ಷನ್‌ನಲ್ಲಿ ಇನ್ನೂ ಸಣ್ಣ ಮರಿ, ಮುಂದಿನ ವರ್ಷ ಎಂಪಿ ಎಲೆಕ್ಷನ್ ಹೊತ್ತಿಗೆ ಮೊದಲ ಸಲ ಮರಿ ಹಾಕ್ತು" ಅಂದರು ಅಂತಿಟ್ಟುಕೊಳ್ಳಿ. ಮೇ 2023ಕ್ಕೆ ಎರಡು-ಮೂರು ತಿಂಗಳ ಮರಿ, ಏಪ್ರಿಲ್ 2024ಕ್ಕೆ ಸುಮಾರು 13 ತಿಂಗಳು, ಮೊದಲ ಹೆರಿಗೆಗೆ ಹೊಂದುವ ವಯಸ್ಸು. ಎರಡೂ ಮಾತು ತಾಳೆಯಾದವು. 2026ರ ಆರಂಭಕ್ಕೆ ಈ "ಮುದಿ ನಾಯಿ"ಗೆ ಮೂರು ವರ್ಷ.

ಯಾರೂ ಸಿಗದಿದ್ದರೆ ಫೋಟೋ ಜೊತೆ ಒಂದೇ ಸಂಖ್ಯೆ ಬರೆಯಬೇಡಿ. "ಬೆಳೆದ ಹೆಣ್ಣು, ಎರಡರಿಂದ ಎಂಟು ವರ್ಷದೊಳಗೆ, ಹಲ್ಲು ನೋಡಿಲ್ಲ" ಅಂತ ಬರೆದರೆ ಅದು ಪ್ರಾಮಾಣಿಕ ಅಂದಾಜು.

ಒಂದು ಕಡೆ ಮಾತ್ರ ಈ ಅಂದಾಜನ್ನು ಬಳಸಲೇಬಾರದು, ಅದು ಕಡಿತ. "ಮರಿ ಕಚ್ಚಿದ್ದು ಬಿಡ್ರೀ, ಏನಾಗಲ್ಲ" ಅನ್ನುವ ಮಾತು ಅಪಾಯಕಾರಿ, ಮರಿಗಳಿಗೂ ರೇಬೀಸ್ ಬರುತ್ತದೆ. ನಾಯಿಯ ವಯಸ್ಸು ಎಷ್ಟೇ ಇರಲಿ, ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ 15 ನಿಮಿಷ ತೊಳೆದು ಅವತ್ತೇ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಿಕೊಳ್ಳಬೇಕು.